ಕಾಶಿ ಟಿಕೆಟ್ಟಿನ ಜಗಳ: ಗೋವಾದ ಅಗ್ಗವೋ, ಹುಬ್ಬಳ್ಳಿಯ ಅನುಕೂಲವೋ?

ಅಂಕೋಲೆ ಅಕ್ಕೋರು

ಹೋದ ಭಾನುವಾರ ಸಂಜೆ ನನ್ನ ಗೆಳತಿ ವಿಜಯಾ ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನಮ್ಮನೆ ಜಗಲಿ ಇಳಿದು ಹೋದಳು. ಶಿರಸಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತಿದ್ದಿರಬೇಕು. ಕನ್ನಡಕ ಬಿಟ್ಟುಹೋಗಿದ್ದಾಳೆ, ಅದನ್ನು ಕೇಳಲಿಕ್ಕೂ ಫೋನ್ ಮಾಡಿಲ್ಲ. ನಲವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ನಡೆದದ್ದನ್ನು ಒಂದು ಕತೆಯ ಹಾಗೆ ಬರೆಯುತ್ತೇನೆ. ಓದಿ, ತಪ್ಪು ಎಲ್ಲಿ ಅಂತ ಹೇಳಿ.

ನಾವಿಬ್ಬರೂ ಅರವತ್ತೊಂದರವರು. ಕಾಲೇಜಿನಲ್ಲಿ ಒಂದೇ ಬೆಂಚು, ಒಂದೇ ರೂಮು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದೆ, ಪಿಂಚಣಿ ಬರುತ್ತದೆ. ಅವಳದು ಶಿರಸಿಯಿಂದ ಎಂಟು ಕಿಲೋಮೀಟರ್ ಒಳಗೆ ಅಡಿಕೆ ತೋಟದ ಮನೆ. ಕಾಶಿಗೆ ಇಬ್ಬರೂ ಒಟ್ಟಿಗೆ ಹೋಗಬೇಕು ಎನ್ನುವುದು ಹಳೇ ಮಾತು. ಅವಳ ತಮ್ಮನ ಮಗ ಈಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ, ಹೋದರೆ ಊರು ತೋರಿಸುವವರಿದ್ದಾರೆ. ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಮುಗಿದ ಮೇಲೆ, ಮಾರ್ಚ್ ಎರಡನೇ ವಾರದ ಶುಕ್ರವಾರ ಹೋಗೋಣ ಅಂತ ಮಾತಾಯಿತು. ಟಿಕೆಟ್ ನೋಡಲಿಕ್ಕೇ ಅವಳು ಅಂಕೋಲೆಗೆ ಬಂದಿದ್ದು.

ಫೋನಿನಲ್ಲಿ ಎರಡು ದಾರಿ ಸಿಕ್ಕವು. ಒಂದು, ಗೋವಾದಿಂದ ಬೆಳಗಿನ 6.15ಕ್ಕೆ ಮುಂಬೈ, ಅಲ್ಲಿಂದ 9.50ಕ್ಕೆ ಬೇರೆ ಕಂಪನಿಯ ವಿಮಾನದಲ್ಲಿ ವಾರಾಣಸಿ. ತಲೆಗೆ 6,840 ರೂಪಾಯಿ. ಇನ್ನೊಂದು, ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಟು ಬೆಂಗಳೂರಿನಲ್ಲಿ ಬದಲಿಸಿ ರಾತ್ರಿಯೊಳಗೆ ವಾರಾಣಸಿ, ಒಂದೇ ಕಂಪನಿ. ತಲೆಗೆ 10,300.

ವಿಜಯಾ ಮೊದಲನೆಯದರ ಮೇಲೆ ಬೆರಳಿಟ್ಟಳು. ‘ಮೂರೂವರೆ ಸಾವಿರ ಉಳಿತದೆ ಲೀಲಾ. ನಿಮ್ಮೂರಿಗೆ ಗೋವಾ ಎಷ್ಟು ದೂರ ಮಹಾ?’

ನಾನು ಹೇಳಿದೆ: ‘ಮಧ್ಯರಾತ್ರಿ ಹೊರಡಬೇಕು ಮಾರಾಯ್ತಿ. ಮುಂಬೈಯಲ್ಲಿ ಓಡಬೇಕು. ನನ್ನ ಮೊಣಕಾಲು ನಿಂಗೆ ಗೊತ್ತಿದೆಯಲ್ಲ. ಹುಬ್ಬಳ್ಳಿ ಆದರೆ ಬೆಳಗ್ಗೆ ಊಟ ಕಟ್ಟಿಕೊಂಡು ಆರಾಮಾಗಿ ಹೋಗಬಹುದು.’

‘ನಿನ್ನ ಆರಾಮಕ್ಕೆ ಮೂರೂವರೆ ಸಾವಿರವಾ?’

‘ಒಂದು ರಾತ್ರಿ ನಿದ್ದೆಗೆಟ್ಟು, ಕಾಶಿ ಮುಟ್ಟಿದ ದಿನ ಇಡೀ ಮಲಗಿ ಕಳೆದರೆ ಅದಕ್ಕೆ ಬೆಲೆ ಇಲ್ವಾ?’

ಹೀಗೇ ಅರ್ಧ ಗಂಟೆ ನಡೆಯಿತು. ಅವಳು ಒಂದು ಹೇಳುವುದು, ನಾನು ಒಂದು. ಅಲ್ಲಿಯವರೆಗೂ ಬರೀ ವಾದ. ಆಮೇಲೆ ನಾನು ಅಂದೆ: ‘ಆಯ್ತು ಬಿಡು, ಹೆಚ್ಚಿಗೆ ಆಗುವ ಮೂರೂವರೆ ಸಾವಿರ ನಾನೇ ಹಾಕ್ತೇನೆ.’

ಅವಳ ಮುಖ ಬೇರೆಯಾಯಿತು. ‘ನಿನ್ನ ದುಡ್ಡಲ್ಲಿ ನಾ ಕಾಶಿಗೆ ಹೋದರೆ ಗಂಗೆಯಲ್ಲಿ ಮುಳುಗಿದ್ದು ಯಾರು ಅಂತ ಲೆಕ್ಕ?’ ಎಂದಳು. ನಾನು ಸುಮ್ಮನಿರಬೇಕಿತ್ತು. ‘ಎಲ್ಲದಕ್ಕೂ ಹೀಗೆ ಬಿಗಿಬೇಡ ವಿಜಯಾ’ ಅಂದುಬಿಟ್ಟೆ. ಅವಳು ಎದ್ದಳು.

ಈ ವರ್ಷ ಅವರ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗ ಬಂತು, ಆಮೇಲೆ ಎಲೆಚುಕ್ಕಿ ರೋಗವೂ ಹಿಡಿಯಿತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಆಡಿದೆ.

ಈಗ ನನ್ನ ಪ್ರಶ್ನೆ. ಅವಳು ಹೇಳಿದ ಟಿಕೆಟ್ ನಿಜವಾಗಿಯೂ ಅಗ್ಗವೇ? ಹೌದಾದರೆ ನಾನು ಒಪ್ಪಿಕೊಂಡು ರಾತ್ರಿ ಹೊರಡಲು ತಯಾರಿದ್ದೇನೆ. ನನ್ನ ಲೆಕ್ಕದಲ್ಲಿ ಅಂಕೋಲೆಯಿಂದ ಗೋವಾ ವಿಮಾನ ನಿಲ್ದಾಣ 115 ಕಿಲೋಮೀಟರ್, ಹುಬ್ಬಳ್ಳಿ 135.

ಭಟ್ಕಳ ಸಾಹಿಲ್

ಅಕ್ಕಾ, ಇಷ್ಟಕ್ಕೆಲ್ಲ ಗೋವಾ, ಹುಬ್ಬಳ್ಳಿ ಯಾಕೆ, ಮಂಗಳೂರು ಬೆಸ್ಟ್. ನಾನು ದುಬೈಗೆ ಒಂಬತ್ತು ವರ್ಷದಿಂದ ಅಲ್ಲಿಂದಲೇ ಹೋಗಿಬರ್ತಿದ್ದೇನೆ. ಒಂದೇ ಸಲ ಹತ್ತಿದರೆ ಆಯ್ತು, ನೇರ ದುಬೈ. ಒಮ್ಮೆ ದುಡ್ಡು ಉಳಿಸಲಿಕ್ಕೆ ಮುಂಬೈ ಮೇಲಿಂದ ಹೋಗಿ ಹದಿನಾಲ್ಕು ಗಂಟೆ ನೆಲದ ಮೇಲೆ ಕೂತಿದ್ದೆ. ಅಮ್ಮ ಕೊಟ್ಟ ಬಿರಿಯಾನಿ ಹಳಸಿಹೋಯ್ತು.

ಅಂಕೋಲೆ ಅಕ್ಕೋರು

ತಮ್ಮಾ, ನಾವು ಹೋಗುವುದು ಕಾಶಿಗೆ. ಆದರೂ ಹದಿನಾಲ್ಕು ಗಂಟೆ ಕೂತದ್ದು ಕೇಳಿ ಬೇಜಾರಾಯಿತು.

ಕಾಳಿ ದಂಡೆ

ನಾನು ಕಾರವಾರದಲ್ಲಿ ಟ್ಯಾಕ್ಸಿ ಓಡಿಸುವವನು. ಅಕ್ಕೋರೆ, ಬೇರೆಲ್ಲ ಆಮೇಲೆ, ಮೊದಲು ಒಂದು ಹೇಳಿ. ಟಿಕೆಟ್ ತೋರಿಸುವ ಪರದೆಯಲ್ಲಿ ಗೋವಾ ಅಂತ ಬರೆದ ಪಕ್ಕ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. GOI ಇದೆಯೋ, GOX ಇದೆಯೋ?

ಅಂಕೋಲೆ ಅಕ್ಕೋರು

ಈಗ ನೋಡಿದೆ. GOX.

ಕಾಳಿ ದಂಡೆ

ಹಾಗಾದರೆ ನಿಮ್ಮ 115 ಕಿಲೋಮೀಟರ್ ಲೆಕ್ಕ ತಪ್ಪು. GOI ಅಂದರೆ ದಾಬೋಳಿ, ನೌಕಾಪಡೆಯ ಜಾಗದಲ್ಲಿರುವ ಹಳೇ ನಿಲ್ದಾಣ. GOX ಅಂದರೆ ಮೋಪಾ, 2023ರ ಜನವರಿಯಲ್ಲಿ ಶುರುವಾದ ಹೊಸದು. ದಾಬೋಳಿ ದಕ್ಷಿಣದಲ್ಲಿ, ನಮ್ಮ ಕಡೆಗೆ ಹತ್ತಿರ. ಮೋಪಾ ಪೆಡ್ನೆಯ ಕಡೆ, ಮಹಾರಾಷ್ಟ್ರದ ಗಡಿಯ ಹತ್ತಿರ. ಒಂದರಿಂದ ಇನ್ನೊಂದಕ್ಕೆ ಅರವತ್ತು ಕಿಲೋಮೀಟರಿನ ಮೇಲೆ ಇದೆ.

ಅಂಕೋಲೆಯಿಂದ ಮೋಪಾ ಸುಮಾರು 165 ಕಿಲೋಮೀಟರ್ ಹಿಡಿಯಿರಿ. ಕಾಳಿ ಸೇತುವೆ ದಾಟಿ, ಪೋಳೆ ಗಡಿ, ಕಾಣಕೋಣ, ಕರ್ಮಲ್ ಘಟ್ಟ, ಮಡಗಾಂವ. ಅಲ್ಲಿಂದ ಮುಂದೆ ದಾಬೋಳಿಗಾದರೆ ಎಡಕ್ಕೆ ತಿರುಗುತ್ತೇವೆ. ಮೋಪಾಕ್ಕಾದರೆ ಜುವಾರಿ ಸೇತುವೆ, ಪಣಜಿ, ಮಾಪುಸಾ ಎಲ್ಲ ದಾಟಬೇಕು. 6.15ರ ವಿಮಾನಕ್ಕೆ ನಾನಾದರೆ ನಿಮ್ಮನ್ನು ಅಂಕೋಲೆಯಿಂದ ರಾತ್ರಿ ಹನ್ನೆರಡೂವರೆಗೆ ಹತ್ತಿಸಿಕೊಳ್ಳುತ್ತೇನೆ. ಘಟ್ಟದಲ್ಲಿ ಒಂದು ಟ್ರಕ್ ಕೆಟ್ಟು ನಿಂತರೂ ಮುಟ್ಟಬೇಕಲ್ಲ.

ಬಾಡಿಗೆಯನ್ನೂ ಹೇಳಿಬಿಡುತ್ತೇನೆ. ಖಾಲಿ ವಾಪಸು ಬರುವುದೂ ಸೇರಿ 330 ಕಿಲೋಮೀಟರ್. ನನ್ನ ದರ ಕಿಲೋಮೀಟರಿಗೆ 14. ಅಲ್ಲಿಗೆ 4,620, ರಾತ್ರಿ ಭತ್ಯೆ 400. ಒಟ್ಟು 5,020. ಇದಕ್ಕಿಂತ ತೀರಾ ಕಡಿಮೆಗೆ ಬರುತ್ತೇನೆ ಅನ್ನುವ ಚಾಲಕ ಹಗಲೆಲ್ಲ ಓಡಿಸಿ ರಾತ್ರಿ ನಿದ್ದೆಗಣ್ಣಲ್ಲಿ ಬಂದವನೋ ಅಂತ ಕೇಳಿಕೊಳ್ಳಿ.

ಹೋದ ವರ್ಷ ಒಂದು ಕುಟುಂಬವನ್ನು ದಾಬೋಳಿಗೆ ಬಿಟ್ಟೆ. ಅವರು ಗೋವಾ ಅಂದಿದ್ದರು, ನಾನೂ ಕೇಳಲಿಲ್ಲ. ಗೇಟಿನ ಜವಾನ ಟಿಕೆಟ್ ನೋಡಿ ತಿರುಗಿಸಿದ. ಮೋಪಾಕ್ಕೆ ಹಾರಿಸಿಕೊಂಡು ಹೋದರೂ ಕೌಂಟರ್ ಮುಚ್ಚಿತ್ತು. ಆ ಮನೆಯ ಸಣ್ಣ ಹುಡುಗಿ ಅತ್ತದ್ದು ಇನ್ನೂ ನೆನಪಿದೆ. ಅವತ್ತಿಂದ ಗೋವಾ ಬಾಡಿಗೆ ಅಂದರೆ ಈ ಮೂರು ಅಕ್ಷರ ಕೇಳದೆ ಗಾಡಿ ತೆಗೆಯುವುದಿಲ್ಲ.

ಅಂಕೋಲೆ ಅಕ್ಕೋರು

ಐದು ಸಾವಿರ! ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗಣಿತ ಕಲಿಸಿದವಳು ನಾನು. ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಅಂತ ಹೇಳುತ್ತಿದ್ದೆ.

ಗೋಕುಲ ರಸ್ತೆ

ಅಕ್ಕೋರೆ, ನಾನು ಹುಬ್ಬಳ್ಳಿಯಲ್ಲಿ ಹದಿನೆಂಟು ವರ್ಷದಿಂದ ಟಿಕೆಟ್ ಮಾಡಿಕೊಡುವವನು. ಮೂಲ ಯಲ್ಲಾಪುರ. ನಿಮ್ಮ ಎರಡು ದಾರಿಗಳನ್ನು ಅದೇ ದಿನಕ್ಕೆ ಹಾಕಿ ನೋಡಿದೆ.

6,840ರ ದಾರಿಯಲ್ಲಿ ಮೊದಲ ವಿಮಾನದ ದರ ಬರೀ ಕೈಚೀಲದ ದರ. ಏಳು ಕಿಲೋ ಒಳಗಿನ ಚೀಲ ಮಾತ್ರ. ಕೆಳಗೆ ಕೊಡುವ 15 ಕಿಲೋ ಚೀಲ ಬೇಕಾದರೆ ಅದಕ್ಕೆ ಬೇರೆ 1,150 ತೋರಿಸುತ್ತಿದೆ. ನೀವು ವಾರಕ್ಕೆ ಹೋಗುವವರು, ಜತೆಗೆ ಶಿರಸಿಯವರು ಅನ್ನುತ್ತೀರಿ, ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಹುಡುಗನ ಹತ್ತಿರ ಹೋಗುತ್ತಾರೆಯೇ? ಖಾರದ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಕೆಳಗಿನ ಚೀಲವೇ ಬೇಕು. ಒಣ ಕೊಬ್ಬರಿ ಮಾತ್ರ ಅದರಲ್ಲೂ ಹಾಕಬೇಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ವಸ್ತು ಎಂದು ಚೀಲ ಬಿಚ್ಚಿಸುತ್ತಾರೆ.

ಈಗ ಇಬ್ಬರದೂ ಕೂಡಿಸೋಣ. ಟಿಕೆಟ್ 13,680. ಚೀಲಕ್ಕೆ 2,300. ಟ್ಯಾಕ್ಸಿ 5,020. ಮುಂಬೈಯಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಲು 200. ಒಟ್ಟು 21,200.

ಹುಬ್ಬಳ್ಳಿ ದಾರಿ: ಟಿಕೆಟ್ 20,600, ಅದರಲ್ಲಿ 15 ಕಿಲೋ ಚೀಲ ಸೇರಿದೆ. ಅಂಕೋಲೆಯಿಂದ ನಿಮಗೆ, ಶಿರಸಿಯಿಂದ ಅವರಿಗೆ ಸಾರಿಗೆ ಸಂಸ್ಥೆಯ ಸಾದಾ ಬಸ್ಸು. ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಪುಕ್ಕಟೆ, ಆಧಾರ್ ಕಾರ್ಡ್ ಕೈಯಲ್ಲಿರಲಿ. ಹೊಸ ಬಸ್ ನಿಲ್ದಾಣದಿಂದ ವಿಮಾನ ನಿಲ್ದಾಣ ಅದೇ ಗೋಕುಲ ರಸ್ತೆಯ ಕಡೆ, ಆಟೋಕ್ಕೆ 250 ಇಡಿ. ಒಟ್ಟು 20,850.

ಅಂದರೆ ಅಗ್ಗದ ಟಿಕೆಟ್ಟೇ 350 ರೂಪಾಯಿ ತುಟ್ಟಿ.

ಆದರೂ ನಿಮ್ಮ ಗೆಳತಿಯ ಪರವಾಗಿ ಒಂದು ಮಾತು. ಅದೇ ದರದ ಟಿಕೆಟ್ ದಾಬೋಳಿಯಿಂದ ಸಿಕ್ಕಿದ್ದರೆ ಟ್ಯಾಕ್ಸಿ 3,620ಕ್ಕೆ ಇಳಿಯುತ್ತಿತ್ತು, ಒಟ್ಟು 19,800 ಆಗುತ್ತಿತ್ತು. ಆಗ ಅವರು ಹೇಳಿದ್ದು ಸರಿಯೇ, ಇಬ್ಬರಿಂದ ಸಾವಿರದ ಐವತ್ತು ಉಳಿಯುತ್ತಿತ್ತು. ಆದ್ದರಿಂದ ಅವರು ಯೋಚನೆಯಿಲ್ಲದೆ ಹೇಳಿದರು ಅಂತ ತಿಳಿಯಬೇಡಿ.

ಕುಮಟೆ ಹುಡುಗ

ಟ್ಯಾಕ್ಸಿ ಯಾಕೆ ಬೇಕು? ಹಿಂದಿನ ಸಂಜೆ ಕೊಂಕಣ ರೈಲಲ್ಲಿ ಮಡಗಾಂವಿಗೆ ಹೋಗಿ, ಅಲ್ಲಿಂದ ಮೋಪಾಕ್ಕೆ ಕದಂಬ ಬಸ್ಸು ಹಿಡಿದು, ರಾತ್ರಿ ವಿಮಾನ ನಿಲ್ದಾಣದ ಕುರ್ಚಿಯಲ್ಲೇ ಕೂತರೆ ಟ್ಯಾಕ್ಸಿಯ ಐದು ಸಾವಿರ ಬೇಕಾಗುವುದೇ ಇಲ್ಲ. ನಾನು ಎರಡು ಸಲ ಹೀಗೆ ಹೋಗಿದ್ದೇನೆ. ಅಗ್ಗದ ಟಿಕೆಟ್ ನಿಜಕ್ಕೂ ಅಗ್ಗವೇ.

ಮುಂಬೈ ವಿಮಾನ ತಡವಾದರೂ ಹೆದರಿಕೆ ಇಲ್ಲ. ಡಿಜಿಸಿಎ ನಿಯಮ ಇದೆ, ಮುಂದಿನ ವಿಮಾನ ತಪ್ಪಿದರೆ ಕಂಪನಿಯವರೇ ಬೇರೆಯದರಲ್ಲಿ ಕಳಿಸಬೇಕು.

ಗೋಕುಲ ರಸ್ತೆ

ರೈಲು, ಬಸ್ಸಿನ ಮಾತು ಒಪ್ಪುತ್ತೇನೆ. ಇಪ್ಪತ್ತೈದು ವಯಸ್ಸಿನವರಿಗೆ ಅದೇ ಸರಿ, ನಾಲ್ಕು ಸಾವಿರ ಉಳಿಯುತ್ತದೆ. ಅರವತ್ತೊಂದಕ್ಕೆ, ನೋಯುವ ಮೊಣಕಾಲಿಗೆ ಕುರ್ಚಿಯ ಮೇಲೆ ರಾತ್ರಿ ಕಳೆಯುವುದು ಆಗುತ್ತದೆಯೋ ಇಲ್ಲವೋ ಅವರೇ ಹೇಳಬೇಕು.

ನಿಯಮದ ಮಾತು ಅರ್ಧ ಸರಿ. ಎರಡೂ ವಿಮಾನ ಒಂದೇ ಪಿಎನ್‌ಆರ್ ಮೇಲಿದ್ದರೆ ಮಾತ್ರ ಅದು ನಡೆಯುತ್ತದೆ. ಇವರು ನೋಡಿದ ಅಗ್ಗದ ದಾರಿಯಲ್ಲಿ ಎರಡು ಬೇರೆ ಕಂಪನಿ, ಎರಡು ಬೇರೆ ಪಿಎನ್‌ಆರ್. ಬುಕಿಂಗ್ ತಾಣ ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ತೋರಿಸುವುದರಿಂದ ಒಂದೇ ಟಿಕೆಟ್ಟಿನ ಹಾಗೆ ಕಾಣುತ್ತದೆ. ದುಡ್ಡು ಕಟ್ಟುವ ಮೊದಲು ಸಣ್ಣ ಅಕ್ಷರದಲ್ಲಿ `Self transfer` ಅಂತ ಇದೆಯೋ ನೋಡಬೇಕು. ಇದ್ದರೆ, ಮಧ್ಯದ ಜವಾಬ್ದಾರಿ ಪೂರಾ ನಿಮ್ಮದು. ಎರಡನೇ ಕಂಪನಿಗೆ ನೀವು ಮೊದಲನೆಯದರಲ್ಲಿ ಬರುತ್ತಿದ್ದೀರಿ ಎನ್ನುವುದೇ ಗೊತ್ತಿರುವುದಿಲ್ಲ.

ಮುಂಬೈಯಲ್ಲಿ ಏನಾಗುತ್ತದೆ ಎನ್ನುವುದನ್ನು ಗಡಿಯಾರ ಇಟ್ಟು ನೋಡಿ. 7.35ಕ್ಕೆ ವಿಮಾನ ಇಳಿಯುತ್ತದೆ. ಬಾಗಿಲು ತೆಗೆದು, ನಡೆದು ಬೆಲ್ಟಿನ ಹತ್ತಿರ ಬರಲು ಕಾಲು ಗಂಟೆ. ಚೀಲ ನೇರ ವಾರಾಣಸಿಗೆ ಹೋಗುವುದಿಲ್ಲ, ನೀವೇ ಎತ್ತಿಕೊಳ್ಳಬೇಕು, ಅದಕ್ಕೆ ಇಪ್ಪತ್ತೈದು ನಿಮಿಷ. ಹೊರಗೆ ಬಂದು ವಾಹನ ಹಿಡಿದು ಇನ್ನೊಂದು ಟರ್ಮಿನಲ್ ಮುಟ್ಟಲು ಅರ್ಧ ಗಂಟೆ, ಅದೂ ರಸ್ತೆ ಬಿಡುವಾಗಿದ್ದರೆ. ಆಗ 8.45. ಎರಡನೇ ವಿಮಾನ 9.50ಕ್ಕೆ, ಆದರೆ ಚೀಲ ತೆಗೆದುಕೊಳ್ಳುವ ಕೌಂಟರ್ 60 ನಿಮಿಷ ಮೊದಲೇ, 8.50ಕ್ಕೆ ಮುಚ್ಚುತ್ತದೆ. ಎಲ್ಲ ಸರಿಯಾಗಿ ನಡೆದರೆ ಉಳಿಯುವುದು ಐದು ನಿಮಿಷ. ಪರದೆಯ ಮೇಲೆ ಎರಡೂಕಾಲು ಗಂಟೆ ಬಿಡುವು ಅಂತ ಕಾಣುತ್ತದೆ, ಆ ಬಿಡುವಿನ ಒಳಗೆ ಇಷ್ಟೆಲ್ಲ ಇದೆ.

ತಪ್ಪಿದರೆ ಎರಡನೇ ಟಿಕೆಟ್ಟಿನ ಮೂಲ ದರ ಹೋಯಿತು. ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ವಾಪಸು ಬರಬೇಕು, ಅದನ್ನು ಕೇಳಿ ಪಡೆಯಿರಿ, ಬಹಳ ಜನ ಕೇಳುವುದೇ ಇಲ್ಲ. ಅವತ್ತೇ ಹೊಸ ಟಿಕೆಟ್ ಕೊಳ್ಳಬೇಕೆಂದರೆ ತಲೆಗೆ ಹನ್ನೆರಡು ಸಾವಿರ ದಾಟಿದ್ದನ್ನು ನಾನೇ ನೋಡಿದ್ದೇನೆ.

ಕುಮಟೆ ಹುಡುಗ

ಎರಡು ಪಿಎನ್‌ಆರ್ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಹೋದಾಗ ಮುಂಬೈಯಲ್ಲಿ ಆರು ಗಂಟೆ ಬಿಡುವಿತ್ತು, ಕೆಳಗೆ ಕೊಡುವ ಚೀಲವೂ ಇರಲಿಲ್ಲ. ಅದಕ್ಕೇ ಸಲೀಸಾಯಿತು ಅನ್ನಿಸುತ್ತದೆ.

ದೇವಿಮನೆ ಕೆಳಗಿನವಳು

ಹುಬ್ಬಳ್ಳಿ ದಾರಿಯನ್ನು ಎಲ್ಲರೂ ಹೊಗಳುತ್ತಿದ್ದೀರಿ. ಅರಬೈಲು ಘಟ್ಟದ ಮಾತು ಯಾರೂ ಎತ್ತಲಿಲ್ಲ. ನನ್ನ ಗಂಡ ಬೆಂಗಳೂರಿನ ವಿಮಾನಕ್ಕೆಂದು ಅಂಕೋಲೆಯಿಂದ ಬೆಳಗ್ಗೆ ಬಸ್ಸು ಹತ್ತಿದ್ದರು. ಘಟ್ಟದ ತಿರುವಿನಲ್ಲಿ ಲಾರಿ ಅಡ್ಡಬಿದ್ದು ಎರಡೂವರೆ ಗಂಟೆ ಕದಲಲಿಲ್ಲ. ವಿಮಾನ ಹೋಯಿತು. ಹುಬ್ಬಳ್ಳಿ ಸಣ್ಣ ನಿಲ್ದಾಣ, ಒಂದು ತಪ್ಪಿದರೆ ಗಂಟೆಗೊಂದು ವಿಮಾನ ಇರುವುದಿಲ್ಲ. ಅನುಕೂಲ ಅಂತ ಕರೆಯುವ ಮೊದಲು ಅದನ್ನೂ ನೋಡಿ.

ಗೋಕುಲ ರಸ್ತೆ

ತಂಗೀ, ಸರಿಯಾದ ಮಾತು. ಅಕ್ಕೋರೆ, ಬಸ್ಸು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಎರಡು ಗಂಟೆ ಘಟ್ಟಕ್ಕೆಂದೇ ಎತ್ತಿಡಿ. ಮಧ್ಯಾಹ್ನ ಒಂದೂವರೆ ವಿಮಾನಕ್ಕೆ ಬೆಳಗಿನ ಆರರ ಒಳಗೆ ಹೊರಡಿ. ನಿಮ್ಮ ಗೆಳತಿ ಶಿರಸಿಯಿಂದ ಮುಂಡಗೋಡ ಮೇಲೆ ಬರುತ್ತಾರೆ, ಅವರಿಗೆ ಅರಬೈಲು ಸಿಗುವುದೇ ಇಲ್ಲ, ದೂರ ನೂರು ಕಿಲೋಮೀಟರಿನ ಆಸುಪಾಸು.

ಮಂಜುಗುಣಿ ದಾರಿ

ಒಂದು ಮಾತು ಕೇಳಲೇ? ಇಬ್ಬರೂ ಅಂಕೋಲೆಯಿಂದಲೇ ಹೊರಡುತ್ತೀರಿ ಎನ್ನುವ ಹಾಗೆ ಲೆಕ್ಕ ನಡೆದಿದೆ. ಗೋವಾ ಆದರೆ ಶಿರಸಿಯವರು ಹಿಂದಿನ ದಿನವೇ ಘಟ್ಟ ಇಳಿದು ಅಂಕೋಲೆಗೆ ಬರಬೇಕು, ರಾತ್ರಿ ಹನ್ನೆರಡಕ್ಕೆ ಎದ್ದು ಹೊರಡಬೇಕು. ಹುಬ್ಬಳ್ಳಿ ಆದರೆ, ಅಕ್ಕೋರ ಮೊದಲಿನ 115ರ ಲೆಕ್ಕದಲ್ಲಿ, ಅಕ್ಕೋರು ಹೆಚ್ಚು ದೂರ ಹೋಗಬೇಕು, ಶಿರಸಿಯವರಿಗೆ ಹತ್ತಿರ. ಹಾಗೆ ನೋಡಿದರೆ ಶಿರಸಿಯವರು ತಮಗೆ ಕಷ್ಟವಾದದ್ದನ್ನೇ ಆರಿಸಿದ್ದಾರೆ, ಅಕ್ಕೋರೂ ತಮಗೆ ದೂರ ಅಂತ ತಿಳಿದದ್ದನ್ನೇ ಆರಿಸಿದ್ದಾರೆ. ಇದು ಇಬ್ಬರ ಗಮನಕ್ಕೂ ಬಂದಿಲ್ಲವೇ?

ಜೊತೆಗೆ, ಕಾಶಿ ಯಾತ್ರೆಗೆ ಮುಜರಾಯಿ ಇಲಾಖೆ 5,000 ರೂಪಾಯಿ ಸಹಾಯಧನ ಕೊಡುವ ಯೋಜನೆ 2022ರಲ್ಲಿ ಶುರುವಾಗಿತ್ತು. ತಾಲೂಕು ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಅಂಕೋಲೆ ಅಕ್ಕೋರು

ನಿಮ್ಮ ಮೊದಲ ಮಾತು ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ. ಹಿಂದಿನ ರಾತ್ರಿ ನಮ್ಮಲ್ಲಿಗೆ ಬಂದು ಉಳಿಯುತ್ತೇನೆ ಎಂದು ಅವಳು ಹೇಳಿದ್ದಳು. ಅದನ್ನೂ ಅವಳ ಖರ್ಚಿನ ಉಳಿತಾಯ ಅಂತಲೇ ನಾನು ತಿಳಿದೆ.

ವಿಜಯಾ, ಶಿರಸಿ

ಆ ಗೆಳತಿ ನಾನೇ. ಸೊಸೆ ಇದನ್ನು ಓದಿ ಹೇಳಿದಳು, ಅವಳ ಕೈಯಲ್ಲೇ ಬರೆಸುತ್ತಿದ್ದೇನೆ.

ಲೀಲಾ, ಲೆಕ್ಕ ಹೇಳ್ತೇನೆ ಕೇಳು. ನನ್ನ ಹತ್ತಿರ 32,000 ಇದೆ. ಎರಡು ವರ್ಷ ಅಪ್ಪೆಮಿಡಿ ಹಾಕಿ ಮಾರಿದ್ದು, ಸ್ವಲ್ಪ ಕಾಳುಮೆಣಸಿನದು. ಮನೆಯವರ ಹತ್ತಿರವೂ ಕೇಳಿದ್ದಲ್ಲ, ಮಗನ ಹತ್ತಿರವೂ ಕೇಳಿದ್ದಲ್ಲ. ಅದರಲ್ಲಿ ಹೋಗಿಬರುವ ಟಿಕೆಟ್ಟಿಗೆ ಹದಿನಾಲ್ಕು ಸಾವಿರ ಅಂತ ತೆಗೆದಿಟ್ಟಿದ್ದೆ. ಉಳಿದದ್ದು ರೂಮಿಗೆ, ಊಟಕ್ಕೆ, ಅತ್ತೆಯ ಹೆಸರಲ್ಲಿ ಮಾಡಿಸುವ ಕಾರ್ಯಕ್ಕೆ. ಹತ್ತು ಸಾವಿರದ ಟಿಕೆಟ್ ತೆಗೆದರೆ ಯಾವುದೋ ಒಂದಕ್ಕೆ ಮತ್ತೊಬ್ಬರ ಮುಂದೆ ಕೈ ಒಡ್ಡಬೇಕಾಗ್ತಿತ್ತು. ಈ ವರ್ಷ ತೋಟದ ಪರಿಸ್ಥಿತಿಯಲ್ಲಿ ಮಗನಿಗೆ ಕೇಳಲಿಕ್ಕೆ ಮನಸ್ಸಿಲ್ಲ. ನಿನ್ನ ಹತ್ತಿರ ತಕ್ಕೊಳ್ಳಲಿಕ್ಕಂತೂ ಇಲ್ಲವೇ ಇಲ್ಲ.

ನೀನು ದುಡ್ಡು ಕೊಡ್ತೇನೆ ಅಂದೆ. ಇಲ್ಲಿ ಆ ಹುಬ್ಬಳ್ಳಿಯವರು ಮಾಡಿದ ಹಾಗೆ ಕೂಡಿಸಿ ತೋರಿಸಿದ್ದರೆ ನಾನು ಅಲ್ಲೇ ಒಪ್ತಿದ್ದೆ. ನೀನು ಗಣಿತದವಳು, ನನಗೆ ಕಾಲೇಜಿನಲ್ಲಿ ಎಷ್ಟೋ ಲೆಕ್ಕ ಬಿಡಿಸಿ ಕೊಟ್ಟವಳು. ಇದೊಂದು ಬಿಡಿಸದೆ ಪರ್ಸು ತೆಗೆದೆ.

ಮೋಪಾ ಬೇಡ, ಅದು ಬಗೆಹರಿಯಿತು. ಆದರೆ ಶುಕ್ರವಾರ ಯಾಕೆ ಹೋಗಬೇಕು? ಸೊಸೆ ನೋಡಿದಳು, ಅದೇ ಹುಬ್ಬಳ್ಳಿ ವಿಮಾನ ಮಂಗಳವಾರಕ್ಕೆ 9,150 ಇದೆ. ನಿನಗೂ ನನಗೂ ಆಫೀಸಿಲ್ಲ, ಶಾಲೆಯಿಲ್ಲ.

ಗೋಕುಲ ರಸ್ತೆ

ಅಕ್ಕಾ, ನಮಸ್ಕಾರ. ಮಂಗಳವಾರ ಒಳ್ಳೇ ಯೋಚನೆ. ಇಬ್ಬರಿಗೆ 18,300 ಆಯಿತು, ಎಲ್ಲ ಸೇರಿ ಮೊದಲಿನ ಅಗ್ಗದ ದಾರಿಗಿಂತ 2,650 ಕಡಿಮೆ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಬರುತ್ತದೆಯೋ ನೋಡಿ ಕಟ್ಟಿ. ಹುಬ್ಬಳ್ಳಿಯಲ್ಲಿ ಚೀಲ ಕೊಡುವಾಗ ಅದಕ್ಕೆ ಅಂಟಿಸುವ ಪಟ್ಟಿಯಲ್ಲಿ ವಾರಾಣಸಿಯ ಅಕ್ಷರ VNS ಅಂತ ಇರಬೇಕು. ಬೆಂಗಳೂರಿನ BLR ಅಂತ ಮಾತ್ರ ಇದ್ದರೆ ಅಲ್ಲೇ ಕೇಳಿ, ಮುಂದೆ ಹೋಗಬೇಡಿ.

ವಿಜಯಾ, ಶಿರಸಿ

ಹೋಗುವುದು ಒಂಬತ್ತು ಸಾವಿರ ಆದರೆ ಬರುವುದಕ್ಕೆ ನನ್ನ ಹತ್ತಿರ ಐದು ಸಾವಿರವೂ ಉಳಿಯುವುದಿಲ್ಲ. ಬನಾರಸಿನಿಂದ ಹುಬ್ಬಳ್ಳಿಗೆ ವಾರಕ್ಕೊಂದು ರೈಲು ಇದೆ ಅಂತ ತಮ್ಮನ ಮಗ ಹೇಳಿದ. ಬರುವಾಗ ಅದರಲ್ಲಿ ಬರೋಣ. ನಾನು ಅದಕ್ಕೆ ತಯಾರು.

ಅಂಕೋಲೆ ಅಕ್ಕೋರು

ಒಂದೂವರೆ ದಿನಕ್ಕೂ ಮೇಲೆ ರೈಲಲ್ಲಿ ಕೂರಬೇಕು ವಿಜಯಾ. ಮೇಲಿನ ಬರ್ತ್ ಬಂದರೆ ನಾನು ಹತ್ತಲಾರೆ.

ಗೋಕುಲ ರಸ್ತೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. 45 ದಾಟಿದ ಹೆಂಗಸರಿಗೆ ರೈಲಿನಲ್ಲಿ ಕೆಳಗಿನ ಬರ್ತ್‌ಗೆಂದೇ ಬೇರೆ ಕೋಟಾ ಇದೆ. ಒಬ್ಬರೇ ಇರಬೇಕು, ಇಲ್ಲವೇ ಒಂದು ಟಿಕೆಟ್ಟಿನಲ್ಲಿ ಇಬ್ಬರು ಇರಬೇಕು. ನೀವು ಇಬ್ಬರೇ ಇದ್ದೀರಿ. ಸಾಮಾನ್ಯ ಕೋಟಾದಲ್ಲಿ ತೆಗೆಯಬೇಡಿ, ಇದನ್ನು ಆರಿಸಿ. ಹಿರಿಯರಿಗೆ ಕೊಡುತ್ತಿದ್ದ ರಿಯಾಯಿತಿ 2020ರಲ್ಲಿ ನಿಂತಿದೆ, ಕೋಟಾ ನಿಂತಿಲ್ಲ. ಬೇಗ ತುಂಬುತ್ತದೆ, ತಡ ಮಾಡಬೇಡಿ.

ಕಾಳಿ ದಂಡೆ

ನನ್ನ ಬಾಡಿಗೆ ತಪ್ಪಿತು, ಅಡ್ಡಿಲ್ಲ. ಇಬ್ಬರೂ ಆರಾಮಾಗಿ ಹೋಗಿಬನ್ನಿ ಅಕ್ಕೋರೆ.

ಅಂಕೋಲೆ ಅಕ್ಕೋರು

ವಿಜಯಾ, ‘ಬಿಗಿಬೇಡ’ ಅಂದೆನಲ್ಲ, ಆ ಮಾತು ತಪ್ಪು. ಎಲ್ಲರ ಎದುರಿಗೇ ಹೇಳುತ್ತಿದ್ದೇನೆ.

ಮಂಗಳವಾರದ ಟಿಕೆಟ್ ನನಗೆ ಒಪ್ಪಿಗೆ, ಅವರವರ ದುಡ್ಡು ಅವರವರದು. ರೈಲಿನ ವಿಷಯ ನಾನಿನ್ನೂ ಒಪ್ಪಿಲ್ಲ. ಆ ರೈಲು ಹೊರಡುವ ದಿನಕ್ಕೆ ಸರಿಯಾಗಿ ಬರಬೇಕೆಂದರೆ ನಾವು ಕಾಶಿಯಲ್ಲಿ ಎರಡು ದಿನ ಹೆಚ್ಚಿಗೆ ಉಳಿಯಬೇಕೋ ಏನೋ, ಆಗ ರೂಮಿನ ಬಾಡಿಗೆ ಎಷ್ಟಾಗುತ್ತದೆ ಅಂತ ನೀನು ಲೆಕ್ಕ ಹಾಕಿಲ್ಲ. ಈ ಸಲ ಕೂತು ಕೂಡಿಸೋಣ. ನಾಳೆ ಬೆಳಗಿನ ಬಸ್ಸಿಗೆ ಶಿರಸಿಗೆ ಬರುತ್ತೇನೆ, ಹಾಳೆ ಪೆನ್ನು ತಂದುಕೊಂಡೇ ಬರುತ್ತೇನೆ.

ವಿಜಯಾ, ಶಿರಸಿ

ಬಾ. ದೋಸೆಗೆ ನೆನೆಹಾಕ್ತೇನೆ. ರೂಮಿನ ಲೆಕ್ಕ ನಾನು ಹಾಕಿದ್ದೇನೆ, ಬಂದಮೇಲೆ ತೋರಿಸ್ತೇನೆ.

ಕನ್ನಡಕ ಮರೆಯಬೇಡ. ನಾಲ್ಕು ದಿನದಿಂದ ಅಡಿಕೆ ಆರಿಸಲಿಕ್ಕೂ ಆಗದೆ ಕೂತಿದ್ದೇನೆ.